ಚಾರ್ಜಿಂಗ್ ಕರ್ವ್‌ನಲ್ಲಿ ನಾನು ಮೊದಲು ನೋಡುವುದು ಬಾಕಿ ಎಷ್ಟು ಅಂತ

ಉಡುಪಿಯಲ್ಲಿ ಪಿಯುಸಿ ಮತ್ತು ಡಿಪ್ಲೊಮಾ ಮಕ್ಕಳಿಗೆ ಮನೆಯಲ್ಲೇ ಫಿಸಿಕ್ಸ್ ಹೇಳಿಕೊಡುತ್ತೇನೆ. ರೆಸಿಸ್ಟರ್, ಕೆಪಾಸಿಟರ್ ಸೀರೀಸ್‌ನಲ್ಲಿರುವ ಸರ್ಕ್ಯೂಟ್ ಬಂದಾಗ ಟೈಮ್ ಕಾನ್‌ಸ್ಟಂಟ್ ಅಂದರೆ R ಗುಣಿಸು C ಅಂತ ಎಲ್ಲರೂ ಹೇಳುತ್ತಾರೆ. ಒಂದು ಟೈಮ್ ಕಾನ್‌ಸ್ಟಂಟ್‌ನಲ್ಲಿ ಶೇಕಡಾ 63 ಚಾರ್ಜ್ ಆಗುತ್ತದೆ ಅನ್ನುವುದೂ ಬಾಯಿಪಾಠ. ಆದರೆ ಯಾವುದರ ಶೇಕಡಾ 63? ಇದನ್ನು ತೋರಿಸಲಿಕ್ಕೆ ನಾನು ಮಾಡಿಸುವ ಪ್ರಯೋಗ ಒಂದುಂಟು. ಅದನ್ನೇ ಇಲ್ಲಿ ಬರೆಯುತ್ತೇನೆ.

ಬೇಕಾದ ಸಾಮಾನು ಸ್ವಲ್ಪವೇ. 100 ಕಿಲೋ ಓಮ್‌ನ ಒಂದು ರೆಸಿಸ್ಟರ್, 470 ಮೈಕ್ರೋಫ್ಯಾರಡ್, 16 ವೋಲ್ಟ್‌ನ ಒಂದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್, ಒಂದು ಮಲ್ಟಿಮೀಟರ್, ಮೊಬೈಲಿನ ಸ್ಟಾಪ್‌ವಾಚ್. ಸಪ್ಲೈಗೆ ಹಳೆಯ 5 ವೋಲ್ಟ್ ಮೊಬೈಲ್ ಚಾರ್ಜರ್ ಸಾಕು. ಮಳೆಗಾಲದಲ್ಲಿ ನಮ್ಮಲ್ಲಿ ಕರ್ವ್ ಅರ್ಧಕ್ಕೆ ಬರುವಾಗಲೇ ಕರೆಂಟ್ ಹೋಗುವುದುಂಟು. ಹಾಗಂತ ಪವರ್ ಬ್ಯಾಂಕ್ ಹಾಕಿದರೂ ಕಷ್ಟ. ಈ ಸರ್ಕ್ಯೂಟ್ ಎಳೆಯುವ ಕರೆಂಟ್ ಶುರುವಿನಲ್ಲೇ 50 ಮೈಕ್ರೋ ಆಂಪಿಯರ್. ಇಷ್ಟು ಕಡಿಮೆ ಕರೆಂಟಿಗೆ ಹೆಚ್ಚಿನ ಪವರ್ ಬ್ಯಾಂಕ್‌ಗಳು ಏನೂ ಜೋಡಿಸಿಲ್ಲ ಅಂದುಕೊಂಡು ತಾವಾಗಿಯೇ ಆಫ್ ಆಗುತ್ತವೆ. ಅಂಥ ದಿನ ಟಾರ್ಚಿನ ಸೆಲ್ಲುಗಳೇ ಒಳ್ಳೆಯದು.

ಕೆಪಾಸಿಟರಿನ ಉದ್ದ ಕಾಲು ಪ್ಲಸ್ ಕಡೆಗೆ. ಶುರು ಮಾಡುವ ಮೊದಲು ಅದನ್ನು ಪೂರ್ತಿ ಖಾಲಿ ಮಾಡಬೇಕು. ಅದರ ಎರಡು ಕಾಲುಗಳ ನಡುವೆ 1 ಕಿಲೋ ಓಮ್ ರೆಸಿಸ್ಟರ್ ಹಿಡಿದರೆ ಅರ್ಧ ಸೆಕೆಂಡಿಗೆ ಒಂದು ಟೈಮ್ ಕಾನ್‌ಸ್ಟಂಟ್ ಮುಗಿಯುತ್ತದೆ. ಆದರೂ ನಾನು ಒಂದು ನಿಮಿಷ ಹಾಗೇ ಬಿಡುತ್ತೇನೆ. ಬೇಗ ತೆಗೆದರೆ ಸೊನ್ನೆ ತೋರಿಸಿದ ವೋಲ್ಟೇಜ್ ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ಮೇಲೇರುತ್ತದೆ. ಒಳಗಿನ ಪದರದಲ್ಲಿ ಉಳಿದ ಚಾರ್ಜ್ ನಿಧಾನವಾಗಿ ಹೊರಬರುವುದೇ ಇದಕ್ಕೆ ಕಾರಣ.

ಮೀಟರಿನ ತುದಿಗಳನ್ನು ಕೈಯಲ್ಲಿ ಒತ್ತಿ ಹಿಡಿಯಬಾರದು, ಕ್ಲಿಪ್ ಹಾಕಬೇಕು. ನಮ್ಮ ಸೆಕೆಗೆ ಕೈ ಬೆವರಿರುತ್ತದೆ ಅಲ್ವಾ, ಎರಡು ಬೆರಳು ಎರಡು ತುದಿಗೆ ತಾಗಿದರೆ ನಮ್ಮ ಮೈಯೇ ಕೆಪಾಸಿಟರಿಗೆ ಅಡ್ಡವಾಗಿ ಕೂತ ರೆಸಿಸ್ಟರ್ ಆಗುತ್ತದೆ.

ಕೆಪಾಸಿಟರಿನ ಅಡ್ಡಕ್ಕೆ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಹಳದಿ ಮೀಟರ್ ಹಾಕಿ, ಸ್ವಿಚ್ ಒತ್ತಿ, ಹತ್ತು ಹತ್ತು ಸೆಕೆಂಡಿಗೆ ಒಬ್ಬ ಓದಿ ಹೇಳಿದ, ಇನ್ನೊಬ್ಬಳು ಬರೆದುಕೊಂಡಳು. ಬಂದ ಅಂಕಿಗಳು ಇವು: 10 ಸೆಕೆಂಡಿಗೆ 1.02 ವೋಲ್ಟ್, 20ಕ್ಕೆ 1.81, 30ಕ್ಕೆ 2.41, 40ಕ್ಕೆ 2.89, 50ಕ್ಕೆ 3.25, 60ಕ್ಕೆ 3.53.

ಗ್ರಾಫ್ ಶೀಟಿನಲ್ಲಿ ಕರ್ವ್ ಎಳೆದಾಯಿತು. ಸಪ್ಲೈ 5 ವೋಲ್ಟ್, ಅದರ ಶೇಕಡಾ 63.2 ಅಂದರೆ 3.16 ವೋಲ್ಟ್. ಅಲ್ಲಿಂದ ಅಡ್ಡ ಗೆರೆ, ಕರ್ವಿಗೆ ತಾಗಿದಲ್ಲಿಂದ ಕೆಳಗೆ ನೇರ ಗೆರೆ. ಸಿಕ್ಕಿದ್ದು 47 ಸೆಕೆಂಡ್. 100 ಕಿಲೋ ಓಮ್ ಗುಣಿಸು 470 ಮೈಕ್ರೋಫ್ಯಾರಡ್ ಕೂಡ 47 ಸೆಕೆಂಡೇ. "ಸರ್, ಕರೆಕ್ಟಾಗಿ ಬಂತು!" ಅಂತ ಹುಡುಗನಿಗೆ ಖುಷಿ.

"ಇನ್ನೂ ಮುಗಿಯಲಿಲ್ಲ ಮಾರಾಯ, ಮೀಟರ್ ತೆಗೀಬೇಡ" ಅಂದೆ. ಐದು ನಿಮಿಷ ಕಾದೆವು. ವೋಲ್ಟೇಜ್ 4.50ಕ್ಕೆ ಬಂದು ನಿಂತಿತು. ಐದಕ್ಕೆ ಹೋಗಲೇ ಇಲ್ಲ. ಕರ್ವ್ ಏರುತ್ತಿದ್ದದ್ದು 5 ವೋಲ್ಟಿನ ಕಡೆಗೆ ಅಲ್ಲ, 4.50ರ ಕಡೆಗೆ. ಹಾಗಾಗಿ ಶೇಕಡಾ 63.2 ತೆಗೆಯಬೇಕಾದದ್ದೂ ಅದರದ್ದೇ. ಅದು 2.84 ವೋಲ್ಟ್. ಕರ್ವ್ ಅಲ್ಲಿಗೆ ತಲುಪಿದ್ದು 39 ಸೆಕೆಂಡಿಗೆ. ಮೊದಲು ಸಿಕ್ಕಿದ 47 ಬರೀ ಕಾಕತಾಳೀಯ.

ಕೊನೆಯ ವೋಲ್ಟೇಜ್ ಸರಿಯಾಗಿ ಹಿಡಿದಿದ್ದೇವೋ ಇಲ್ಲವೋ ಅನ್ನುವುದನ್ನು ಅಂಕಿಗಳೇ ಹೇಳುತ್ತವೆ. ಕರ್ವ್‌ನಲ್ಲಿ ಎಷ್ಟು ಏರಿತು ಅಂತ ನೋಡುವುದಕ್ಕಿಂತ ಇನ್ನೆಷ್ಟು ಬಾಕಿ ಇದೆ ಅಂತ ನೋಡಬೇಕು. 4.50ರಿಂದ ಒಂದೊಂದು ಅಂಕಿಯನ್ನೂ ಕಳೆದರೆ ಬಾಕಿ ಹೀಗೆ ಬರುತ್ತದೆ: 3.48, 2.69, 2.09, 1.61, 1.25, 0.97. ಪ್ರತಿ ಬಾಕಿಯನ್ನು ಅದರ ಹಿಂದಿನದರಿಂದ ಭಾಗಿಸಿ ನೋಡಿ. ಎಲ್ಲ ಕಡೆ ಸುಮಾರು 0.77. ಹತ್ತು ಸೆಕೆಂಡಿಗೊಮ್ಮೆ ಬಾಕಿ ಅದೇ ಪಾಲಿನಲ್ಲಿ ಇಳಿಯುತ್ತಿದೆ. ಕೆಪಾಸಿಟರ್ ತುಂಬುತ್ತಾ ಬಂದ ಹಾಗೆ ರೆಸಿಸ್ಟರಿನ ಪಾಲಿಗೆ ಉಳಿಯುವ ವೋಲ್ಟೇಜ್ ಕಡಿಮೆ, ಅದರಿಂದ ಕರೆಂಟೂ ಕಡಿಮೆ. ಬಾಕಿ ಎಷ್ಟೋ, ವೇಗವೂ ಅಷ್ಟೇ ಲೆಕ್ಕದಲ್ಲಿ. ಅದಕ್ಕೇ ಪಾಲು ಬದಲಾಗುವುದಿಲ್ಲ. ಈಗ 5 ವೋಲ್ಟಿನಿಂದ ಕಳೆದು ನೋಡಿ. ಪಾಲು 0.80ರಲ್ಲಿ ಶುರುವಾಗಿ 0.84ಕ್ಕೆ ಏರುತ್ತಾ ಹೋಗುತ್ತದೆ. ಹೀಗೆ ಜಾರಿದರೆ ನಾವು ಹಿಡಿದ ಕೊನೆಯ ವೋಲ್ಟೇಜ್ ತಪ್ಪು ಅಂತ ತಿಳಿಯಬೇಕು.

ಬಾಕಿಯಿಂದ ಓದುವುದರಲ್ಲಿ ಇನ್ನೊಂದು ಅನುಕೂಲ ಉಂಟು. ಸ್ಟಾಪ್‌ವಾಚ್ ಎರಡು ಸೆಕೆಂಡ್ ತಡವಾಗಿ ಒತ್ತಿದರೂ, ಕೆಪಾಸಿಟರ್ ಪೂರ್ತಿ ಖಾಲಿ ಇಲ್ಲದಿದ್ದರೂ ಉತ್ತರ ಕೆಡುವುದಿಲ್ಲ. ಯಾವ ಬಿಂದುವನ್ನು ಬೇಕಾದರೂ ಶುರು ಅಂತ ಹಿಡಿಯಬಹುದು. 20ನೇ ಸೆಕೆಂಡಿನಲ್ಲಿ ಬಾಕಿ 2.69. ಅದರ ಶೇಕಡಾ 36.8 ಅಂದರೆ 0.99. ಬಾಕಿ ಅಷ್ಟಕ್ಕೆ ಇಳಿದದ್ದು 59ನೇ ಸೆಕೆಂಡಿಗೆ. ನಡುವೆ ಕಳೆದದ್ದು ಮತ್ತೆ 39 ಸೆಕೆಂಡೇ.

ಹಾಗಾದರೆ ಆ ಅರ್ಧ ವೋಲ್ಟ್ ಎಲ್ಲಿ ಹೋಯಿತು? ಅಗ್ಗದ ಹಳದಿ ಮೀಟರುಗಳ ಒಳ ರೆಸಿಸ್ಟೆನ್ಸ್ ಸಾಮಾನ್ಯವಾಗಿ 1 ಮೆಗಾ ಓಮ್ ಇರುತ್ತದೆ. ಅದು ಕೆಪಾಸಿಟರಿಗೆ ಅಡ್ಡ ಕೂತು ಕರೆಂಟ್ ಹರಿಸುತ್ತದೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನೊಳಗೂ ಸ್ವಲ್ಪ ಸೋರಿಕೆ ಇದ್ದೇ ಇರುತ್ತದೆ. ಈ ಎರಡೂ ಸೇರಿ 100 ಕಿಲೋ ಓಮ್‌ನ ಮೇಲೆ ಅರ್ಧ ವೋಲ್ಟ್ ಬೀಳಿಸಿವೆ. ಇದರಿಂದ ಟೈಮ್ ಕಾನ್‌ಸ್ಟಂಟ್ ಕೂಡ ಕಡಿಮೆಯಾಗುತ್ತದೆ, ಅದೂ ವೋಲ್ಟೇಜ್ ಇಳಿದ ಪಾಲಿನಲ್ಲೇ. 4.50 ಭಾಗಿಸು 5 ಅಂದರೆ 0.9. ಹಾಗಾಗಿ ಕೆಪಾಸಿಟರ್ ಕಂಡ ರೆಸಿಸ್ಟೆನ್ಸ್ 90 ಕಿಲೋ ಓಮ್. 39 ಸೆಕೆಂಡನ್ನು ಅದರಿಂದ ಭಾಗಿಸಿದರೆ ಕೆಪಾಸಿಟರಿನ ನಿಜವಾದ ಬೆಲೆ 433 ಮೈಕ್ರೋಫ್ಯಾರಡ್. ಮೈಮೇಲೆ 470 ಅಂತ ಬರೆದಿದ್ದರೂ ಇಂಥ ಕೆಪಾಸಿಟರಿಗೆ ಶೇಕಡಾ 20ರಷ್ಟು ಆಚೀಚೆ ಇರುವುದು ಮಾಮೂಲು.

ಇದು ಬರೀ ಲೆಕ್ಕ ಅಲ್ಲ ಅಂತ ಮಕ್ಕಳಿಗೆ ಗೊತ್ತಾಗಲಿ ಅಂತ, 10 ಮೆಗಾ ಓಮ್ ಒಳ ರೆಸಿಸ್ಟೆನ್ಸಿನ ನನ್ನ ಮೀಟರ್ ಹಾಕಿ ಅದೇ ಪ್ರಯೋಗ ಮತ್ತೆ ಮಾಡಿಸಿದೆ. ಈ ಸಲ ವೋಲ್ಟೇಜ್ ನಿಂತದ್ದು 4.90ರಲ್ಲಿ. ಅದರ ಶೇಕಡಾ 63.2 ತಲುಪಲು 42.5 ಸೆಕೆಂಡ್ ಬೇಕಾಯಿತು. ರೆಸಿಸ್ಟೆನ್ಸ್ 98 ಕಿಲೋ ಓಮ್ ಅಂತ ಹಿಡಿದು ಭಾಗಿಸಿದರೆ ಮತ್ತೆ 433 ಅಥವಾ 434. ಎರಡು ಬೇರೆ ಮೀಟರ್, ಎರಡು ಬೇರೆ ಕರ್ವ್, ಕೆಪಾಸಿಟರ್ ಒಂದೇ.

ರೆಸಿಸ್ಟರ್ ಸಣ್ಣದು ಹಾಕಿದರೆ ಮೀಟರಿನ ತೊಂದರೆ ಕಡಿಮೆ ಅನ್ನುವುದು ನಿಜ. ಆದರೆ 10 ಕಿಲೋ ಓಮ್‌ಗೆ ಟೈಮ್ ಕಾನ್‌ಸ್ಟಂಟ್ ನಾಲ್ಕೈದು ಸೆಕೆಂಡಿಗೆ ಇಳಿಯುತ್ತದೆ. ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಂಕಿ ಬದಲಿಸುವ ಮೀಟರಿನಲ್ಲಿ ಕಣ್ಣಿಟ್ಟು ಓದಿ ಬರೆಯಲಿಕ್ಕೆ ಆಗುವುದಿಲ್ಲ. ಅದಕ್ಕಿಂತ ವೇಗದ್ದಾದರೆ ಆಸಿಲೋಸ್ಕೋಪೇ ಬೇಕು.

ತುಂಬಾ ದಿನ ಡ್ರಾಯರಿನಲ್ಲಿ ಬಿದ್ದಿದ್ದ ಕೆಪಾಸಿಟರ್ ಆದರೆ ನಾನು ಮೊದಲು ಅರ್ಧ ಗಂಟೆ ಅದನ್ನು ಸಪ್ಲೈಗೆ ಜೋಡಿಸಿ ಇಡುತ್ತೇನೆ. ಬಳಸದೆ ಇಟ್ಟಾಗ ಒಳಗಿನ ಆಕ್ಸೈಡ್ ಪದರ ಹಾಳಾಗಿ ಸೋರಿಕೆ ಜಾಸ್ತಿ ಆಗಿರುತ್ತದೆ. ವೋಲ್ಟೇಜ್ ಕೊಟ್ಟು ಇಟ್ಟರೆ ಪದರ ಮತ್ತೆ ಕಟ್ಟಿಕೊಳ್ಳುತ್ತದೆ. ಹಾಗೆ ಮಾಡದಿದ್ದರೆ ಮೊದಲ ಸಲದ ಕರ್ವ್ ಒಂದು ಕಡೆ ನಿಲ್ಲುತ್ತದೆ, ಮೂರನೇ ಸಲದ್ದು ಇನ್ನೂ ಸ್ವಲ್ಪ ಮೇಲೆ ನಿಲ್ಲುತ್ತದೆ.