ಪ್ರವಾಸಕ್ಕೆ ಯಾವ ಬಸ್ಸು? ಪ್ರಾಂಶುಪಾಲರ ಪ್ರಕಟಣೆ ಸಿದ್ಧಪಡಿಸುವ ಬಗೆ

ತುಮಕೂರಿನ ಪದವಿ ಕಾಲೇಜೊಂದರ 45 ವಿದ್ಯಾರ್ಥಿಗಳು ಮತ್ತು ನಾಲ್ವರು ಅಧ್ಯಾಪಕರು ಚಿತ್ರದುರ್ಗದ ಮೇಲೆ ಹಂಪಿಗೆ ಮೂರು ದಿನಗಳ ಅಧ್ಯಯನ ಪ್ರವಾಸ ಹೊರಡಬೇಕಿದೆ, ಸ್ಥಳೀಯ ಓಡಾಟವೂ ಸೇರಿ ಒಟ್ಟು ದೂರ ಸುಮಾರು 650 ಕಿ.ಮೀ. ಎಂದಿಟ್ಟುಕೊಳ್ಳೋಣ. ಮೊದಲನೆಯ ಬಸ್ ಮಾಲೀಕರು ಕಿ.ಮೀ.ಗೆ 50 ರೂಪಾಯಿ, ಎರಡನೆಯವರು 58 ರೂಪಾಯಿ ಹೇಳಿದ್ದಾರೆ. ಇಷ್ಟನ್ನೇ ನೋಡಿ ಪ್ರಕಟಣೆ ಬರೆದರೆ ಲೆಕ್ಕ ತಪ್ಪುತ್ತದೆ.

ಬಾಡಿಗೆ ಬಸ್ಸಿನ ದರದಲ್ಲಿ ದಿನಕ್ಕೆ ಕನಿಷ್ಠ ಇಷ್ಟು ಕಿ.ಮೀ. ಎಂಬ ಷರತ್ತು ಇರುತ್ತದೆ. ಬಸ್ಸು ಅಷ್ಟು ಓಡದಿದ್ದರೂ ಹಣ ಕೊಡಲೇಬೇಕು. ಮೊದಲನೆಯವರ ಕನಿಷ್ಠ 300 ಕಿ.ಮೀ. ಆದ್ದರಿಂದ ಮೂರು ದಿನಕ್ಕೆ 45,000 ರೂಪಾಯಿ, ಒಬ್ಬ ಚಾಲಕನ ಬಾಟಾ ದಿನಕ್ಕೆ 600ರಂತೆ 1,800, ಒಟ್ಟು 46,800. ಎರಡನೆಯವರ ಕನಿಷ್ಠ 250 ಕಿ.ಮೀ. ಆದ್ದರಿಂದ 43,500, ಇಬ್ಬರು ಚಾಲಕರ ಬಾಟಾ 3,600, ಒಟ್ಟು 47,100. ಟೋಲ್, ಪಾರ್ಕಿಂಗ್ ಇಬ್ಬರಿಗೂ ಒಂದೇ. ಕಿ.ಮೀ.ಗೆ 8 ರೂಪಾಯಿಯಷ್ಟು ಕಂಡ ಅಂತರ ಕೊನೆಗೆ 300 ರೂಪಾಯಿಗೆ, ಅಂದರೆ ಒಬ್ಬ ವಿದ್ಯಾರ್ಥಿಗೆ ಏಳು ರೂಪಾಯಿಗೂ ಕಡಿಮೆಗೆ ಇಳಿಯಿತು.

ಈಗ ಆ ಎರಡನೆಯ ಚಾಲಕನ ಬೆಲೆಯನ್ನು ತೂಗಬೇಕು. ಕಾರ್ಮಿಕ ಕಾನೂನಿನಂತೆ ಚಾಲಕನ ದುಡಿಮೆ ಸಾಮಾನ್ಯವಾಗಿ ದಿನಕ್ಕೆ 8 ಗಂಟೆ ಮೀರಬಾರದು. ಮೂರನೆಯ ದಿನ ಬೆಳಿಗ್ಗೆಯಿಂದ ಹಂಪಿಯಲ್ಲಿ ಸುತ್ತಾಡಿಸಿದ ಚಾಲಕನೇ ರಾತ್ರಿ ಬಸ್ಸನ್ನು ತುಮಕೂರಿಗೆ ತಂದರೆ ಆ ಮಿತಿ ದಾಟುತ್ತದೆ, ನಿದ್ದೆಗೆಟ್ಟ ಅಪಘಾತಗಳ ಬೇರು ಇರುವುದು ಇಲ್ಲಿಯೇ. ಇಬ್ಬರು ಚಾಲಕರ ಪರವಾನಗಿಯೂ ಬಸ್ಸು ಓಡಿಸಲು ಸಲ್ಲುವಂಥದ್ದೇ ಎಂದು ಖಚಿತಪಡಿಸಿಕೊಳ್ಳಿ.

ನಂತರ ಬಸ್ಸಿನ ನೋಂದಣಿ ಸಂಖ್ಯೆ ಕೇಳಿ ಪಡೆದು mParivahan ಆ್ಯಪ್‌ನಲ್ಲಿ ಎಫ್‌ಸಿ, ಅಂದರೆ ವಾಹನದ ಸುಸ್ಥಿತಿ ಪ್ರಮಾಣಪತ್ರ, ಮತ್ತು ವಿಮೆಯ ಅವಧಿಯನ್ನು ನೋಡಬೇಕು; ಅವು ಹೊರಡುವ ದಿನಕ್ಕಷ್ಟೇ ಅಲ್ಲ, ಮರಳುವ ದಿನದ ಆಚೆಗೂ ಊರ್ಜಿತವಾಗಿರಬೇಕು. ಕಾಗದದಲ್ಲಿ ಕಾಣದ್ದನ್ನು ಕಾಣಲು ಶೆಡ್ಡಿಗೇ ಹೋಗಬೇಕು. ತುರ್ತು ನಿರ್ಗಮನದ ಬಾಗಿಲನ್ನು ನೀವೇ ತೆರೆದು ನೋಡಿ: ಹಿಡಿ ತುಕ್ಕು ಹಿಡಿದು ಅಲುಗದಿದ್ದರೆ, ಅಥವಾ ಅದಕ್ಕೆ ಅಡ್ಡಲಾಗಿ ಹೆಚ್ಚುವರಿ ಸೀಟು ಜೋಡಿಸಿದ್ದರೆ, ಆ ಬಸ್ಸನ್ನು ಅಲ್ಲಿಗೇ ಬಿಡುವುದು ಲೇಸು. ಟೈರಿನ ಬದಿಯ ನಾಲ್ಕು ಅಂಕಿಗಳು ಅದರ ವಯಸ್ಸನ್ನು ಹೇಳುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು.

ಪ್ರಕಟಣೆಯಲ್ಲಿ ತೀರ್ಮಾನದ ಜೊತೆಗೆ ಕಾರಣವೂ ಇರಲಿ: ‘ಎರಡನೆಯ ಸಂಸ್ಥೆಯ ವೆಚ್ಚ 300 ರೂಪಾಯಿ ಹೆಚ್ಚಿದ್ದರೂ ಇಬ್ಬರು ಚಾಲಕರನ್ನು ಒದಗಿಸುವುದರಿಂದ ಅದನ್ನು ಶಿಫಾರಸು ಮಾಡಲಾಗಿದೆ. ಪರಿಶೀಲಿಸಿದ ನೋಂದಣಿ ಸಂಖ್ಯೆಯ ಬಸ್ಸೇ ಬರತಕ್ಕದ್ದು.’ ಕೊನೆಯ ವಾಕ್ಯವನ್ನು ಕೈಬಿಡಬೇಡಿ. ತೋರಿಸಿದ್ದು ಒಂದು, ಹೊರಡುವ ಮುಂಜಾನೆ ಬಂದು ನಿಂತದ್ದು ಇನ್ನೊಂದು ಎಂಬುದು ಪ್ರವಾಸದ ಋತುವಿನಲ್ಲಿ ಅಪರೂಪವಲ್ಲ. ಪ್ರವಾಸದ ಸಂಚಾಲಕರು ಪ್ರಕಟಣೆಯ ಪ್ರತಿ ಹಿಡಿದು ಸಂಖ್ಯೆಯನ್ನು ತಾಳೆ ನೋಡಿದ ಮೇಲೆಯೇ ವಿದ್ಯಾರ್ಥಿಗಳು ಬಸ್ಸು ಹತ್ತಲಿ.