ತಿರಸ್ಕೃತನಾದ ಹುದ್ದೆಯೇ ಮತ್ತೆ ಪ್ರಕಟವಾದಾಗ: ನನ್ನ ಅನುಭವ

ಬೆಂಗಳೂರಿನ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದ ಹುದ್ದೆಗೆ ಕೊನೆಯ ಸುತ್ತಿನವರೆಗೂ ಹೋಗಿ ತಿರಸ್ಕೃತನಾದ ಕೆಲವು ತಿಂಗಳುಗಳಲ್ಲಿ ಅದೇ ಹುದ್ದೆ ಪುನಃ ಪ್ರಕಟವಾಯಿತು. ಮತ್ತೆ ಅರ್ಜಿ ಹಾಕಿದರೆ ಪೋರ್ಟಲ್ ಹಳೆಯ ಅರ್ಜಿಯನ್ನೇ ತೋರಿಸಿ ತಡೆಯುತ್ತಿತ್ತು. ನಿರಾಕರಣೆಯ ಮೇಲ್ ನೋ-ರಿಪ್ಲೈ ವಿಳಾಸದಿಂದ ಬಂದಿದ್ದರಿಂದ ಅದಕ್ಕೆ ಬರೆದ ಉತ್ತರ ಯಾರಿಗೂ ತಲುಪಲಿಲ್ಲ. ಬೇರೊಂದು ಇಮೇಲ್‌ನಿಂದ ಹೊಸ ಖಾತೆ ತೆರೆಯುವುದನ್ನು ನಾನು ಸರಿಯೆಂದು ಒಪ್ಪುವುದಿಲ್ಲ. ಮೊಬೈಲ್ ಸಂಖ್ಯೆಯಿಂದಲೇ ಅದು ಪತ್ತೆಯಾಗಬಹುದು.

ಮೊದಲು ಜಾಬ್ ಐಡಿಯನ್ನು ಹೋಲಿಸಿದೆ. ಐಡಿ ಹಳೆಯದೇ ಆಗಿದ್ದರೆ ಅದು ತಾನಾಗಿ ನವೀಕರಣಗೊಂಡ ಹಳೆಯ ಜಾಹೀರಾತೂ ಆಗಿರಬಹುದು. ಇಲ್ಲಿ ಐಡಿ ಹೊಸದಾಗಿತ್ತು, ವಿವರಣೆಯಲ್ಲಿ 'ಮೂವತ್ತು ದಿನಗಳೊಳಗೆ ಸೇರಬಲ್ಲವರು' ಎಂಬ ಸಾಲು ಸೇರಿತ್ತು. ಸಂದರ್ಶನದಲ್ಲಿ ನನ್ನ ತೊಂಬತ್ತು ದಿನಗಳ ನೋಟಿಸ್ ಅವಧಿಯನ್ನೇ ಅವರು ಪದೇ ಪದೇ ಕೇಳಿದ್ದರು. ಈ ನಡುವೆ ನಾನು ರಾಜೀನಾಮೆ ಸಲ್ಲಿಸಿ ನೋಟಿಸಿನ ಬಹುಭಾಗವನ್ನು ಮುಗಿಸಿದ್ದೆ.

ಆದ್ದರಿಂದ ಸಂದರ್ಶನದ ಆಹ್ವಾನ ಕಳುಹಿಸಿದ್ದ ಎಚ್‌ಆರ್ ಅಧಿಕಾರಿಯ ಅದೇ ಮೇಲ್‌ಗೆ ಉತ್ತರಿಸಿದೆ. ಹಳೆಯ ಪತ್ರವ್ಯವಹಾರ ಕೆಳಗೇ ಇರುವುದರಿಂದ ಅವರು ನನ್ನನ್ನು ಹುಡುಕಬೇಕಾಗಲಿಲ್ಲ. ಮೊದಲ ಸಾಲಿನಲ್ಲಿ ಹಳೆಯ ಮತ್ತು ಹೊಸ ಐಡಿ, ಎರಡನೆಯದರಲ್ಲಿ ಬದಲಾದ ಒಂದೇ ಸಂಗತಿ, ಅಂದರೆ ಕೆಲಸದ ಕೊನೆಯ ದಿನಾಂಕ, ಮೂರನೆಯದರಲ್ಲಿ ಹೀಗೆ ಕೇಳಿದೆ: 'ನನ್ನ ಹಳೆಯ ಅರ್ಜಿಯನ್ನು ಹೊಸ ಐಡಿಗೆ ವರ್ಗಾಯಿಸಲು ಸಾಧ್ಯವೇ, ಅಥವಾ ಮರು ಅರ್ಜಿಗೆ ಕಾಯಬೇಕಾದ ಅವಧಿ ಇದೆಯೇ?' ತಿರಸ್ಕಾರದ ಕಾರಣ ಕೇಳಲಿಲ್ಲ, ರಾಜೀನಾಮೆ ಸ್ವೀಕೃತಿಯ ಪತ್ರವನ್ನು ಲಗತ್ತಿಸಿದೆ. ಅವರು ಅರ್ಜಿಯನ್ನು ಒಳಗಿನಿಂದಲೇ ವರ್ಗಾಯಿಸಿ, ವಿಭಾಗದ ಮುಖ್ಯಸ್ಥರೊಂದಿಗೆ ಒಂದೇ ಸುತ್ತಿನ ಮಾತುಕತೆ ಏರ್ಪಡಿಸಿದರು. ಕೌಶಲದ ಕೊರತೆಯಿಂದ ತಿರಸ್ಕೃತರಾಗಿದ್ದರೆ ದಿನಾಂಕದ ಬದಲು ಆ ಕೊರತೆ ನೀಗಿದ್ದಕ್ಕೆ ಪುರಾವೆ ಬೇಕಾಗುತ್ತದೆ.