24 ವೋಲ್ಟ್ ಶಾರ್ಟ್ ಆದ್ರೂ ಎಂಸಿಬಿ ಯಾಕ ಬೀಳೂದಿಲ್ಲ?

ತಾರಿಹಾಳದ ಒಂದು ಪ್ಯಾನೆಲ್‌ನ್ಯಾಗ ಸೆನ್ಸರ್ ವೈರ್ ತಗಡಿಗೆ ಉಜ್ಜಿ ಶಾರ್ಟ್ ಆಗಿತ್ತು. ಮಷೀನ್ ನಡಸೂ ಪಿಎಲ್‌ಸಿ, ಡಿಸ್ಪ್ಲೇ ಎಲ್ಲಾ ಬಂದ್. 24 ವೋಲ್ಟ್ ಕೊಡೂ ಎಸ್‌ಎಂಪಿಎಸ್‌ನ ಹಸಿರು ದೀಪ ಮಿಟುಕ್ತಿತ್ತು, ಔಟ್‌ಪುಟ್‌ನ 6 ಆಂಪ್ ಸಿ-ಕರ್ವ್ ಎಂಸಿಬಿ ಮಾತ್ರ ಬಿದ್ದಿರಲಿಲ್ಲ.

ಆ ಎಂಸಿಬಿ ತಟ್ಟನೆ ಬೀಳಾಕ 30 ಆಂಪ್‌ಗಿಂತ ಹೆಚ್ಚು ಬೇಕು. 5 ಆಂಪ್‌ನ ಎಸ್‌ಎಂಪಿಎಸ್ ಸುಮಾರು 6 ಆಂಪ್‌ಗೇ ಕೈಚೆಲ್ಲಿ ವೋಲ್ಟೇಜ್ ಇಳಸ್ತದ.

ಎಷ್ಟು ಆಂಪ್‌ನ ಎಸ್‌ಎಂಪಿಎಸ್ ಬೇಕು ಅನ್ನೂ ಲೆಕ್ಕ ನೋಡ್ರಿ: ಪಿಎಲ್‌ಸಿ 0.5, ಡಿಸ್ಪ್ಲೇ 0.4, ಹನ್ನೆರಡು ಸೆನ್ಸರ್ 0.24, 4.8 ವ್ಯಾಟ್‌ನ ಎಂಟು ವಾಲ್ವ್ 1.6. ಒಟ್ಟು 2.74 ಆಂಪ್. 30% ಸೇರಿಸಿದ್ರ 3.6, ಅಂದ್ರ 5 ಆಂಪ್ ತಗೋರಿ. ನಮ್ಮ ಏಪ್ರಿಲ್ ಬಿಸಿಲಾಗ ಮುಚ್ಚಿದ ಪ್ಯಾನೆಲ್ ಒಳಗ 50 ಡಿಗ್ರಿ ದಾಟಿದ್ರ ಬಹಳಷ್ಟು ಎಸ್‌ಎಂಪಿಎಸ್ ಪೂರ್ತಿ ಕರೆಂಟ್ ಕೊಡೂದಿಲ್ಲ.

ಆಮೇಲೆ ಲೈನ್ ಬ್ಯಾರೆ ಬ್ಯಾರೆ ಮಾಡ್ರಿ. ಸೆನ್ಸರ್‌ಗೆ 0.5 ಆಂಪ್, ನಾಲ್ಕು ನಾಲ್ಕು ವಾಲ್ವ್‌ಗೆ 1.25 ಆಂಪ್ ಫಾಸ್ಟ್ ಗ್ಲಾಸ್ ಫ್ಯೂಸ್, ಫ್ಯೂಸ್ ಟರ್ಮಿನಲ್‌ನ್ಯಾಗ. 6 ಆಂಪ್ ಬಂದ್ರ ಇವು ಬೇಗ ಹಾರ್ತಾವ, ಯಾವ ಲೈನ್ ಅನ್ನೂದೂ ಗೊತ್ತಾಗ್ತದ. ಆ ಕ್ಷಣದಾಗೂ ಪಿಎಲ್‌ಸಿ ರೀಸೆಟ್ ಆಗಬಹುದು; ಅದು ನಡಿಯೂದಿಲ್ಲ ಅನ್ನೂ ಮಷೀನ್‌ಗೆ ಪಿಎಲ್‌ಸಿಗೆ ಬ್ಯಾರೆ ಎಸ್‌ಎಂಪಿಎಸ್ ಕೊಡ್ರಿ.